ಕೇಸರಿ ಎಳೆ ಮತ್ತು ಬಣ್ಣ ಹಾಕಿದ ಮೆಕ್ಕೆಜೋಳದ ಕೂದಲು

ನಾವು ರೂಢಿಯಲ್ಲಿ ‘ಕೇಸರಿ ದಳ’ ಎಂದರೂ ಅದು ಹೂವಿನ ದಳವಲ್ಲ. ಕಾಶ್ಮೀರದ ಪಾಂಪೋರಿನಂತಹ ಕಡೆ ಅಕ್ಟೋಬರ್–ನವೆಂಬರಿನಲ್ಲಿ ಅರಳುವ ನೇರಳೆ ಹೂವಿನ ನಡುವೆ ಇರುವ ಶಲಾಕಾಗ್ರ, ಅಂದರೆ ಪರಾಗವನ್ನು ಹಿಡಿಯುವ ಕೆಂಪು ತುದಿ. ಒಂದು ಹೂವಿನಲ್ಲಿ ಇಂತಹ ಮೂರೇ ಎಳೆಗಳಿರುತ್ತವೆ. ಕಲಬೆರಕೆಗೆ ಬಳಸುವ ಮೆಕ್ಕೆಜೋಳದ ಕೂದಲೂ ಹೂವಿನ ಅದೇ ಬಗೆಯ ಭಾಗವಾಗಿರುವುದರಿಂದ, ‘ಹೂವಿನ ಎಳೆ’ ಎಂಬ ಮಾರಾಟಗಾರರ ಮಾತೊಂದನ್ನೇ ನಂಬುವಂತಿಲ್ಲ.

ಬಿಳಿ ಬಟ್ಟಲಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ನಾಲ್ಕು ಎಳೆಗಳನ್ನು ಬಿಟ್ಟು, ಹದಿನೈದು ನಿಮಿಷ ಕಾಯಿರಿ. ಅಸಲಿ ಕೇಸರಿಯಿಂದ ಹೊಂಬಣ್ಣ ನಿಧಾನವಾಗಿ ಹರಡುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ. ಬಣ್ಣ ಹಾಕಿದ ಕೂದಲಾದರೆ ಸಾಮಾನ್ಯವಾಗಿ ನೀರು ಕೂಡಲೇ ಕೆಂಪಾಗಿ, ಎಳೆ ಬಿಳಿಚಿಕೊಳ್ಳುತ್ತದೆ.

ಆದರೆ ಚೆನ್ನಾಗಿ ಅಂಟುವ ಬಣ್ಣವೂ ಇರುವುದರಿಂದ ನಾನು ಆಕಾರವನ್ನೇ ಹೆಚ್ಚು ನಂಬುತ್ತೇನೆ. ನೆನೆದ ಎಳೆಯನ್ನು ಸೂಜಿಯಿಂದ ಬಿಡಿಸಿ ನೋಡಿದಾಗ, ಅಸಲಿಯದು ಬುಡದಲ್ಲಿ ಸಣ್ಣಗಿದ್ದು, ತುದಿಗೆ ಹೋದಂತೆ ಕಹಳೆಯ ಬಾಯಿಯಂತೆ ಅಗಲವಾಗಿ, ಅಂಚಿನಲ್ಲಿ ಸಣ್ಣ ಹಲ್ಲುಗಳಂತೆ ಕಾಣುತ್ತದೆ. ಜೋಳದ ಕೂದಲಿಗೆ ಆ ಕಹಳೆ ಇರುವುದಿಲ್ಲ. ಕತ್ತರಿಸಿದ ದಾರದಂತೆ ಉದ್ದಕ್ಕೂ ಒಂದೇ ದಪ್ಪವಿರುತ್ತದೆ.