ಒಂದು ಕ್ಯಾರಟ್‌ಗೆ ಎಂಟು ಸೆಂಟ್ ಕಡಿಮೆ

ನಿಶ್ಚಿತಾರ್ಥದ ಉಂಗುರಕ್ಕಾಗಿ ಮೊದಲು ಹೋದ ಅಂಗಡಿಯಲ್ಲಿ ನನ್ನ ಕೈಗೆ ಬಂದದ್ದು ಅಂಗಡಿಯವರೇ ಅಚ್ಚು ಹಾಕಿಸಿದ ಒಂದು ಕಾರ್ಡು. ಅದರಲ್ಲಿ ಶುದ್ಧತೆಗೂ ಬಣ್ಣಕ್ಕೂ ‘ವಿವಿಎಸ್, ಇಎಫ್’ ಎಂದಷ್ಟೇ ಇತ್ತು. ಕಲ್ಲಿನ ಅಳತೆಯೂ ಇರಲಿಲ್ಲ, ವರದಿಯ ಸಂಖ್ಯೆಯೂ ಇರಲಿಲ್ಲ. ಮಾರುವವನೇ ಗುಣಮಟ್ಟವನ್ನೂ ನಿರ್ಧರಿಸಿದರೆ ಅದನ್ನು ಪರೀಕ್ಷೆ ಎನ್ನಲಾಗದು ಎನಿಸಿ, ಸಂಬಂಧಿಕರೊಬ್ಬರ ಪರಿಚಯದ ಮೇಲೆ ಚಿಕ್ಕಪೇಟೆಯ ವಜ್ರದ ವ್ಯಾಪಾರಿಯೊಬ್ಬರ ಬಳಿಗೆ ಅಮ್ಮನೊಂದಿಗೆ ಹೋದೆ. ಉಂಗುರಕ್ಕೆ ಕೂರಿಸಿದ ವಜ್ರವನ್ನು ಸರಿಯಾಗಿ ತೂಗಲಾಗದು, ಅದರ ಬಣ್ಣವನ್ನೂ ಖಚಿತವಾಗಿ ಹೇಳಲಾಗದು. ಆದ್ದರಿಂದ ವಜ್ರಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಸ್ವತಂತ್ರ ಸಂಸ್ಥೆಯಾದ ಜಿಐಎಯ ವರದಿಯಿರುವ ಬಿಡಿ ಕಲ್ಲುಗಳನ್ನೇ ತೋರಿಸುವಂತೆ ಕೇಳಿದೆ.

ಅವರು ಎರಡು ದುಂಡು ವಜ್ರಗಳನ್ನು ಮುಂದಿಟ್ಟರು. ಮೊದಲನೆಯದು 1.01 ಕ್ಯಾರಟ್, ಎರಡನೆಯದು 0.92. ಎರಡರ ಬಣ್ಣವೂ ‘ಜಿ’. ಈ ಅಳತೆಗೋಲು ಬಣ್ಣವೇ ಇಲ್ಲದ ‘ಡಿ’ಯಿಂದ ಹಳದಿ ಛಾಯೆಯ ‘ಝಡ್’ವರೆಗೆ ಸಾಗುತ್ತದೆ, ಹಳದಿ ಚಿನ್ನದಲ್ಲಿ ಕೂರಿಸುವ ಕಲ್ಲಿಗೆ ‘ಜಿ’ಗಿಂತ ಮೇಲಿನ ದರ್ಜೆಗೆ ಹಣ ಸುರಿಯುವುದು ನನಗೆ ವ್ಯರ್ಥವೆನಿಸಿತು. ಒಳಗಿನ ಕಲೆಗಳನ್ನು ನೋಡಿ ಕೊಡುವ ಕ್ಲ್ಯಾರಿಟಿ ದರ್ಜೆಯಲ್ಲಿ ಮೊದಲನೆಯದು ವಿಎಸ್1, ಎರಡನೆಯದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ವಿಎಸ್2. ಕಲ್ಲನ್ನು ಕಡೆದ ರೀತಿಗೆ ಕೊಡುವ ಕಟ್ ದರ್ಜೆಯಲ್ಲಿ ಮೊದಲನೆಯದಕ್ಕೆ ‘ವೆರಿ ಗುಡ್’, ಎರಡನೆಯದಕ್ಕೆ ‘ಎಕ್ಸಲೆಂಟ್’. ಅಮ್ಮ ಕೂಡಲೇ, “ಒಂದು ಕ್ಯಾರಟ್ ತುಂಬಿರೋದೇ ಇರಲಿ ಕಣೋ, ನಾಲ್ಕು ಜನರ ಕಣ್ಣಿಗೆ ಕಾಣಬೇಕಲ್ಲ” ಎಂದರು.

ಕಣ್ಣಿಗೆ ಕಾಣುವುದು ತೂಕವಲ್ಲ, ಅಗಲ ಎಂಬುದು ವರದಿಯ ಅಳತೆಯ ಸಾಲನ್ನು ಓದಿದಾಗ ತಿಳಿಯಿತು. ಒಂದು ಕ್ಯಾರಟ್ ಎಂದರೆ 0.2 ಗ್ರಾಂ, ನಮ್ಮ ವ್ಯಾಪಾರಿಗಳ ಲೆಕ್ಕದಲ್ಲಿ ನೂರು ಸೆಂಟ್. ಆ ತೂಕ ಕಲ್ಲಿನ ಯಾವ ಭಾಗದಲ್ಲಿ ಸೇರಿಕೊಂಡಿದೆ ಎಂಬುದನ್ನು ಮೇಲಿನ ನಾಲ್ಕು ದರ್ಜೆಗಳು ಹೇಳುವುದಿಲ್ಲ. ಮೊದಲನೆಯದರ ಸರಾಸರಿ ಅಡ್ಡಳತೆ 6.30 ಮಿಲಿಮೀಟರ್, ಎರಡನೆಯದರದು 6.27. ಒಂಬತ್ತು ಸೆಂಟಿನ ವ್ಯತ್ಯಾಸಕ್ಕೆ ಮೇಲಿನಿಂದ ನೋಡುವಾಗ ಸಿಗುತ್ತಿದ್ದದ್ದು 0.03 ಮಿಲಿಮೀಟರ್ ಮಾತ್ರ! ಉಳಿದ ತೂಕ ಆಳಕ್ಕೆ ಇಳಿದಿತ್ತು: ಮೊದಲನೆಯದರ ಆಳ ಅಡ್ಡಳತೆಯ ಶೇ. 64.2, ಎರಡನೆಯದರದು ಶೇ. 61.4. ವರದಿಯ ಪಕ್ಕನೋಟದ ಚಿತ್ರದಲ್ಲಿ ಮೊದಲನೆಯದರ ನಡುಪಟ್ಟಿ, ಅಂದರೆ ಕಲ್ಲಿನ ಅತಿ ಅಗಲವಾದ ಜಾಗದ ಸುತ್ತಲಿನ ಅಂಚು, ದಪ್ಪವೆಂದೂ ಬರೆದಿತ್ತು. ಒಂದು ಕ್ಯಾರಟ್ ದಾಟಿದ ಕೂಡಲೇ ಪ್ರತಿ ಕ್ಯಾರಟ್ಟಿನ ದರವೇ ಏರುವುದರಿಂದ, ಕಲ್ಲು ಕಡೆಯುವವರು ಆ ಗಡಿಗಿಂತ ಕೆಳಗಿಳಿಯದಿರಲು ಹೀಗೆ ತೂಕವನ್ನು ನಡುಪಟ್ಟಿಯಲ್ಲೂ ಅಡಿಭಾಗದಲ್ಲೂ ಉಳಿಸಿಕೊಳ್ಳುತ್ತಾರೆ. ಬೆಳಕನ್ನು ಮೇಲಕ್ಕೆ ಹಿಂತಿರುಗಿಸುವ ಅಡಿಭಾಗದ ಕೋನ ಮೊದಲನೆಯದರಲ್ಲಿ 41.6 ಡಿಗ್ರಿ, ಎರಡನೆಯದರಲ್ಲಿ 40.8, ಎರಡನ್ನೂ ಅಂಗಡಿಯ ಪ್ರಖರ ದೀಪಗಳಿಂದ ದೂರ, ಕಿಟಕಿಯ ಬಳಿ ಹಿಡಿದಾಗ ಎರಡನೆಯದೇ ಹೆಚ್ಚು ಬೆಳಗಿತು.

ಆಗ ಅಮ್ಮನ ಆಕ್ಷೇಪ ಬೇರೆ ದಿಕ್ಕಿಗೆ ತಿರುಗಿತು. ಕಪ್ಪು ಚುಕ್ಕೆಯ ವಜ್ರ ಆಗಿಬರುವುದಿಲ್ಲ ಎಂಬುದು ನಮ್ಮ ಮನೆಯ ಹಳೆಯ ನಂಬಿಕೆ. ವಿಎಸ್2 ಕಲ್ಲಿನ ನಕ್ಷೆಯಲ್ಲಿ ಮೇಲ್ಭಾಗದ ಅಂಚಿಗೆ ಒಂದು ಸಣ್ಣ ಹರಳಿನ ಗುರುತಿತ್ತು. ಇಲ್ಲಿ ವರದಿಗೂ ಒಂದು ಮಿತಿಯಿದೆ: ಒಳಗೆ ಹರಳೊಂದು ಸಿಕ್ಕಿಕೊಂಡಿದೆ ಎಂದು ಅದು ತೋರಿಸುತ್ತದೆಯೇ ಹೊರತು ಆ ಹರಳು ಕಪ್ಪೋ ಬಿಳಿಯೋ ಎಂದು ತಿಳಿಸುವುದಿಲ್ಲ. ಹಾಗಾಗಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪನ್ನು ಕಣ್ಣಿಗೆ ಒತ್ತಿ ಹಿಡಿದು, ಕಲ್ಲನ್ನು ನಿಧಾನವಾಗಿ ಹತ್ತಿರ ತಂದು ಹುಡುಕಿದೆ. ಸಿಕ್ಕಿದ್ದು ಬಿಳಿಯದೇ, ನೀರೊಳಗಿನ ಮರಳಿನ ಕಣದಂತೆ ಕಾಣುತ್ತಿತ್ತು. ಅಮ್ಮನಿಗೂ ತೋರಿಸಿದೆ. ಬರಿಗಣ್ಣಿಗೆ ಅದು ಕಾಣುವುದೇ ಇಲ್ಲವೆಂದ ಮೇಲೆ ಅವರು ಒಪ್ಪಿದರು.

ಕಾಗದ ಈ ಕಲ್ಲಿನದೇ ಎಂದು ಖಚಿತಪಡಿಸಿಕೊಳ್ಳುವುದು ಬಾಕಿಯಿತ್ತು. ವರದಿಯ ಸಂಖ್ಯೆಯನ್ನು ಮೊಬೈಲಿನಲ್ಲಿ ಜಿಐಎ ಜಾಲತಾಣಕ್ಕೆ ಹಾಕಿ, ಅಲ್ಲಿ ಬಂದ ವಿವರಗಳನ್ನು ಕೈಯಲ್ಲಿದ್ದ ಕಾಗದದೊಂದಿಗೆ ಸಾಲುಸಾಲಾಗಿ ಹೋಲಿಸಿದೆ. ನಡುಪಟ್ಟಿಯ ಮೇಲೆ ಲೇಸರಿನಿಂದ ಕೊರೆದ ಅದೇ ಸಂಖ್ಯೆಯನ್ನು ಲೂಪಿನಲ್ಲಿ ಓದಿದೆ. ಬೇರೊಂದು ಕಲ್ಲಿನ ಮೇಲೆ ಅಸಲಿ ವರದಿಯ ಸಂಖ್ಯೆಯನ್ನು ಕೊರೆದು ಮೋಸ ಮಾಡುವುದೂ ಉಂಟು. ಆದ್ದರಿಂದ ವ್ಯಾಪಾರಿಯವರ ತಕ್ಕಡಿಯಲ್ಲಿ ತೂಗಿಸಿ, ಗೇಜಿನಿಂದ ಅಗಲವನ್ನೂ ಆಳವನ್ನೂ ಅಳೆಸಿದೆ. ಅವರು ಬೇಸರಿಸದೆ, “ನೋಡಿ ಸಾರ್, ಕೇಳೋದೇ ಒಳ್ಳೇದು” ಎಂದರು.

ಹತ್ತು ದಿನಗಳ ನಂತರ ಕುಸುರಿಯವರಿಂದ ಬಂದ ಉಂಗುರವನ್ನು ಲೂಪಿನಡಿ ತಿರುಗಿಸಿದಾಗ ಸಂಖ್ಯೆಯ ಕೊನೆಯ ಎರಡು ಅಂಕಿಗಳು ಕಾಣಲಿಲ್ಲ. ಕಲ್ಲನ್ನು ಹಿಡಿದ ನಾಲ್ಕು ಕೊಕ್ಕೆಗಳಲ್ಲಿ ಒಂದು ಅವುಗಳ ಮೇಲೇ ಕುಳಿತಿತ್ತು. ಗಾಬರಿಯಿಂದ ವರದಿಯ ನಕ್ಷೆಯನ್ನು ಪಕ್ಕಕ್ಕಿಟ್ಟು, ಉಂಗುರವನ್ನು ಅದೇ ದಿಕ್ಕಿಗೆ ತಿರುಗಿಸಿ ಹುಡುಕಿದೆ. ಅಂಚಿನ ಬಳಿ, ಗುರುತಿದ್ದ ಜಾಗದಲ್ಲೇ, ಆ ಬಿಳಿಯ ಕಣ ಇತ್ತು.