ಸ್ಲೈಡ್ ಒಂದು, ನೋಟ್ಸ್ ಇನ್ನೊಂದು

ವಿಜಯಪುರದ ದ್ರಾಕ್ಷಿ ಬೆಳೆಗಾರರ ಸಭೆಯ ಪಿಪಿಟಿ ನೋಡಿಕೊಡಲು ನನಗೆ ಬಂತು. ಪವರ್‌ಪಾಯಿಂಟ್‌ನ File > Export > Create Handouts ಒತ್ತಿ, ಸ್ಲೈಡ್ ಪಕ್ಕದಲ್ಲೇ ನೋಟ್ಸ್ ಬರುವ ಹಾಗೆ ವರ್ಡ್‌ಗೆ ಕಳಿಸಿ ಪ್ರಿಂಟ್ ತೆಗೆದೆ. ಮೊದಲು ನೋಟ್ಸ್ ಅಷ್ಟೇ ಓದಿ ಅಂಕಿ, ವರ್ಷ, ‘ಏರಿದೆ’, ‘ಇಳಿದಿದೆ’ ಎಂಬಲ್ಲೆಲ್ಲ ಗೆರೆ ಎಳೆದೆ. ಆಮೇಲೆ ಒಂದೊಂದನ್ನೇ ಸ್ಲೈಡಿಗೆ ತಾಳೆ ಹಾಕಿದೆ.

ಒಣದ್ರಾಕ್ಷಿಯ ಲೆಕ್ಕದಲ್ಲಿ ವ್ಯತ್ಯಾಸ ಸಿಕ್ಕಿಬಿತ್ತು. ಒಂದು ಕೆಜಿ ಒಣದ್ರಾಕ್ಷಿಗೆ ಬೇಕಾದ ಹಸಿ ಹಣ್ಣು ಸ್ಲೈಡಿನ ಗ್ರಾಫ್‌ನಲ್ಲಿ 4 ಕೆಜಿ, ನೋಟ್ಸ್‌ನಲ್ಲಿ 5. ಗ್ರಾಫ್ ಎಕ್ಸೆಲ್‌ಗೆ ಲಿಂಕ್ ಆಗಿತ್ತು, ಅಲ್ಲಿ ತಿದ್ದಿದ್ದು ಇಲ್ಲೂ ಬಂದಿತ್ತು. ನೋಟ್ಸ್ ಸುಮ್ನೆ ಟೈಪ್ ಮಾಡಿದ್ದು, ತಾನಾಗಿ ಬದಲಾಗಲ್ಲ ಅಲ್ವಾ?

ಹಾಗಂತ ಸ್ಲೈಡೇ ಸರಿ ಅಂತ ಇಟ್ಟುಕೊಳ್ಳಲು ಬರಲ್ಲ. ಲೆಕ್ಕ ಕೊಟ್ಟವರಿಗೇ ಫೋನ್ ಮಾಡಿದೆ. “ನಾಲ್ಕೇ ರೀ, ಐದು ಹಳೇ ಲೆಕ್ಕ” ಅಂದರು. ನೋಟ್ಸ್ ತಿದ್ದಿದೆ.