ತಿಂಗಳಿಗೆ ಲಕ್ಷಕ್ಕೂ ಜಾಸ್ತಿ ನಗದು ತೆಗೆದೆ, ಎಟಿಎಂ ಚಾರ್ಜು ಸೊನ್ನೆ

ಸಿರುಗುಪ್ಪ ಕಡೆ ಮೆಣಸಿನಕಾಯಿ ಬೆಳೆಯುವವರಿಗೆ ಬಿಡಿಸುವ ಕಾಲದ ತಲೆನೋವು ಗೊತ್ತೇ ಇದೆ. ಬ್ಯಾಡಗಿಯಲ್ಲಿ ಮಾರಿದ ದುಡ್ಡು ಉಳಿತಾಯ ಖಾತೆಗೆ ಬಂದು ಬೀಳುತ್ತದೆ. ಆದರೆ ಶನಿವಾರ ಸಂಜೆ ಕೂಲಿ ಮಾತ್ರ ಕೈಗೆ ನಗದೇ ಬೇಕು. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕು ಬಾಗಿಲು ಹಾಕಿರುತ್ತದೆ. ಉಳಿದ ದಿನ ಹೊಲ ಬಿಟ್ಟು ಕ್ಯೂನಲ್ಲಿ ನಿಲ್ಲೋಕೆ ಪುರುಸೊತ್ತಿಲ್ಲ. ಹಾಗಾಗಿ ಎಟಿಎಂ ಒಂದೇ ದಾರಿ.

ನನ್ನ ಲೆಕ್ಕ ಇದು: 14 ಹೆಣ್ಣಾಳು, ದಿನಕ್ಕೆ 350, ವಾರಕ್ಕೆ ಆರು ದಿನ. ಒಬ್ಬರಿಗೆ 2,100, ಒಟ್ಟು 29,400 ರೂಪಾಯಿ. ಕಾರ್ಡಿನ ದಿನದ ಮಿತಿ 25,000. ಆ್ಯಪ್‌ನಲ್ಲಿ ಮಿತಿ ಹೆಚ್ಚಿಸಲು ನೋಡಿದೆ. 2020ರಲ್ಲಿ ಆರ್‌ಬಿಐ ಹೇಳಿದ ಮೇಲೆ ಗ್ರಾಹಕರೇ ಮಿತಿ ಏರಿಸಿ ಇಳಿಸಬಹುದು ನಿಜ, ಆದರೆ ಆ ಜಾತಿಯ ಕಾರ್ಡಿಗೆ ಬ್ಯಾಂಕು ಇಟ್ಟ ಗರಿಷ್ಠ ಮಿತಿ ದಾಟುವಂತಿಲ್ಲ. ಗೆರೆ 25,000ಕ್ಕೆ ಹೋಗಿ ನಿಂತಿತು, ಮುಂದೆ ಜರುಗಲಿಲ್ಲ.

ಮೊದಲ ಸೀಸನ್ ಹೇಗೆ ಕಳೆಯಿತು ಅಂದರೆ, ಬಸ್ ಸ್ಟ್ಯಾಂಡ್ ಹತ್ತಿರ ಬೇರೆ ಬ್ಯಾಂಕಿನ ಎಟಿಎಂನಲ್ಲೇ ಎಲ್ಲ ತೆಗೆಯುತ್ತಿದ್ದೆ. ಬೇರೆ ಬ್ಯಾಂಕಿನ ಮಷಿನ್ ಒಂದು ಸಲಕ್ಕೆ ಸಾಮಾನ್ಯವಾಗಿ 10,000 ಮೀರಿ ಕೊಡುವುದಿಲ್ಲ. ಅಂದರೆ ವಾರಕ್ಕೆ ಮೂರು ಸಲ, ಅದೂ ಎರಡು ದಿನ ಸೇರಿ. ಅದಕ್ಕೆ ಮುಂಚೆ ಖಾತೆಯಲ್ಲಿ ಎಷ್ಟಿದೆ ಅಂತ ಅಲ್ಲೇ ಬ್ಯಾಲೆನ್ಸ್ ನೋಡುವ ಚಾಳಿ ಬೇರೆ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಐದು ಸಲ ಮಾತ್ರ ಉಚಿತ. ಬ್ಯಾಲೆನ್ಸ್ ನೋಡಿದ್ದೂ, ಮಿನಿ ಸ್ಟೇಟ್‌ಮೆಂಟ್ ತೆಗೆದಿದ್ದೂ ಆ ಐದು ಉಚಿತ ಸಲದಲ್ಲೇ ಒಂದು ಅಂತ ಎಣಿಕೆಯಾಗುತ್ತದೆ. ಮೊದಲ ವಾರಕ್ಕೇ ನಾಲ್ಕು ಖಾಲಿ. ಎರಡನೇ ವಾರ ಬ್ಯಾಲೆನ್ಸ್ ನೋಡಿದ ಕೂಡಲೇ ಐದೂ ಮುಗಿದವು. ಅಲ್ಲಿಂದ ತಿಂಗಳ ಕೊನೆವರೆಗೆ ತೆಗೆದ ಒಂಬತ್ತು ಸಲಕ್ಕೂ 23 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಅಂದರೆ 27 ಚಿಲ್ಲರೆ. ಬ್ಯಾಲೆನ್ಸ್ ನೋಡಿದ್ದಕ್ಕೆ ಇನ್ನಷ್ಟು. ನೆನಪಿನ ಮೇಲೆ ಹೇಳೋದಾದರೆ ತಿಂಗಳಿಗೆ 270ರ ಆಸುಪಾಸು ಹೋಗುತ್ತಿತ್ತು. ಅಷ್ಟರಲ್ಲಿ ಒಂದು ಆಳಿನ ಮುಕ್ಕಾಲು ಕೂಲಿ ಬರುತ್ತದೆ, ಅಲ್ವಾ?

ಆ 23 ರೂಪಾಯಿ 2025ರ ಮೇ 1ರಿಂದ ಬಂದ ಮಿತಿ, ಅದಕ್ಕೂ ಮುಂಚೆ 21 ಇತ್ತು. ಉಚಿತ ಐದು ಅಂತ ಆರ್‌ಬಿಐ ಹೇಳಿದ್ದು ಕನಿಷ್ಠ, ಕೆಲವು ಬ್ಯಾಂಕು ಇನ್ನೂ ಜಾಸ್ತಿ ಕೊಡುತ್ತವೆ. ನನ್ನದು ಕೊಡುವುದಿಲ್ಲ.

ಎರಡನೇ ಸೀಸನ್‌ನಲ್ಲಿ ನಮ್ಮ ಬ್ಯಾಂಕಿನದೇ ಎಟಿಎಂಗೆ ಅಂಟಿಕೊಂಡೆ. ಅಲ್ಲಿಯೂ ಉಚಿತ ಐದೇ. ಮಷಿನ್ ಒಂದು ಸಲಕ್ಕೆ 40 ನೋಟು ಹೊರಹಾಕುತ್ತದೆ. ಐನೂರರ ನೋಟಾದರೆ 20,000. ಹಾಗಾದರೆ ವಾರಕ್ಕೆ ಎರಡು ಸಲ, ತಿಂಗಳಿಗೆ ಎಂಟು, ಮೂರಕ್ಕೆ ಚಾರ್ಜು. ಅದರ ಜೊತೆಗೆ ಸಂತೆ ದಿನ ಮಷಿನ್ ಖಾಲಿ. ಹತ್ತಿರದ ಊರಲ್ಲಿರುವ ಖಾಸಗಿ ಕಂಪನಿಯ ವೈಟ್ ಲೇಬಲ್ ಮಷಿನ್‌ಗೆ ಹೋದರೆ ಬರೀ ನೂರರ ನೋಟು. 40 ನೋಟಿಗೆ 4,000 ಬಂತು, ಅಷ್ಟಕ್ಕೆ ಬೇರೆ ಬ್ಯಾಂಕಿನ ಒಂದು ಸಲ ಹೋಯಿತು.

ಆಮೇಲೆ ಕೂತು ಬರೆದಾಗ ಹೊಳೆದದ್ದು ಇಷ್ಟೇ. ನಮ್ಮ ಬ್ಯಾಂಕಿನ ಐದು ಬೇರೆ, ಬೇರೆ ಬ್ಯಾಂಕಿನ ಐದು ಬೇರೆ. ಎರಡೂ ಬೇರೆ ಬೇರೆ ಲೆಕ್ಕ. ಆದರೆ ದಿನದ ಮಿತಿಗೆ ಆ ಭೇದ ಇಲ್ಲ, ಎಲ್ಲಿ ತೆಗೆದರೂ ಒಂದೇ 25,000ದೊಳಗೆ. ಹಾಗಾಗಿ ಶುಕ್ರವಾರ ನಮ್ಮ ಬ್ಯಾಂಕಿನ ಎಟಿಎಂನಲ್ಲಿ ಒಮ್ಮೆಗೇ 20,000. ಶನಿವಾರ ಬೇರೆ ಬ್ಯಾಂಕಿನಲ್ಲಿ 9,400. ವಾರಕ್ಕೆ ಅಲ್ಲೊಂದು ಇಲ್ಲೊಂದು. ಐದು ಶನಿವಾರ ಬರುವ ತಿಂಗಳಲ್ಲೂ ಐದು, ಐದು, ಸರಿಯಾಗಿ ಮುಗಿಯುತ್ತದೆ. ಎಣಿಕೆ ಪ್ರತಿ 1ನೇ ತಾರೀಖು ಹೊಸದಾಗಿ ಶುರು. ಬ್ಯಾಲೆನ್ಸ್ ಮಾತ್ರ ಫೋನಿನ ಆ್ಯಪ್‌ನಲ್ಲೇ ನೋಡುವುದು. ಖಾತೆಯಲ್ಲಿ ದುಡ್ಡು ಸಾಲದೆ ಎಟಿಎಂ ತಿರಸ್ಕರಿಸಿದರೆ ಅದಕ್ಕೂ ಹೆಚ್ಚುಕಡಿಮೆ ಇಷ್ಟೇ ದಂಡ ಬೀಳುತ್ತದೆ, ಹಾಗಾಗಿ ನೋಡದೆ ಹೋಗುವುದೂ ಸರಿಯಲ್ಲ.

ನಮ್ಮ ಗೊಬ್ಬರದ ಅಂಗಡಿಯವರು ನಕ್ಕಿದ್ದರು. "ಬೇರೆ ಬ್ಯಾಂಕಿನ್ಯಾಗ ತೆಗೆದ್ರ ಕಟ್ ಆಗಾದು ಆಗೇ ಆಗತೈತಿ, ಇವತ್ತಲ್ಲ ನಾಳಿ" ಅಂದರು. ಮೂರು ತಿಂಗಳ ಸ್ಟೇಟ್‌ಮೆಂಟ್ ಒಯ್ದು ಗಲ್ಲಾದ ಮೇಲೆ ಹರವಿದೆ. ಚಾರ್ಜಿನ ಸಾಲು ಒಂದೂ ಇರಲಿಲ್ಲ. ಈಗ ಅವರೂ ಹೀಗೇ ಮಾಡುತ್ತಾರೆ, ಯಾರು ಹೇಳಿದ್ದು ಅಂತ ಮಾತ್ರ ಬಾಯಿ ಬಿಡುವುದಿಲ್ಲ.

ಚಿಲ್ಲರೆಯದ್ದು ಇನ್ನೊಂದು ಕಥೆ. ಗುಂಪಿನ ಹಿರಿಯಕ್ಕ ಮೊದಲೇ ಹೇಳಿದ್ದಳು: "ಯಣ್ಣ, ಬರೇ ಐನೂರರ ನೋಟು ತಂದ್ರ ನಾವು ಹೆಂಗ ಹಂಚಿಕೊಳ್ಳಾನ?" ಒಬ್ಬೊಬ್ಬರಿಗೆ ಐನೂರರ ನಾಲ್ಕು, ನೂರರ ಒಂದು. ಅಂದರೆ ನೂರರ ನೋಟು 14 ಬೇಕು. 10,000 ಕೇಳಿದರೆ ಮಷಿನ್ ಎಲ್ಲಾ ಐನೂರೇ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. 9,400 ಕೇಳಿದರೆ ಕೊನೆಯ 400ಕ್ಕೆ ಅದು ಸಣ್ಣ ನೋಟು ಕೊಡಲೇಬೇಕು. ನೂರರ ನಾಲ್ಕು ಬಂದರೆ ಐನೂರರ ಎರಡನ್ನು ಪೆಟ್ರೋಲ್ ಬಂಕಿನಲ್ಲಿ ಬಿಡಿಸಿದರೆ ಸಾಕು, 14 ತುಂಬಿತು. ಎಟಿಎಂಗಳಲ್ಲಿ ನೂರು, ಇನ್ನೂರರ ನೋಟು ಇಡಿ ಅಂತ 2025ರ ಏಪ್ರಿಲ್‌ನಲ್ಲಿ ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದೆ. ಯಾವ ಮಷಿನ್‌ನಲ್ಲಿ ಯಾವ ಹೊತ್ತಿಗೆ ಸಣ್ಣ ನೋಟು ತುಂಬಿರುತ್ತದೆ ಅನ್ನೋದನ್ನು ನಾನು ಇಲ್ಲಿ ಬರೆಯಲ್ಲ. ಬರೆದರೆ ಶನಿವಾರ ನನಗೇ ಸಿಗುವುದಿಲ್ಲ!

ಸುಮ್ನೆ ಇರಲಾರದೆ ಒಂದೆರಡು ಬೇರೆ ಪ್ರಯತ್ನವನ್ನೂ ಮಾಡಿದೆ. ಆದೋನಿಗೆ ಹೋದಾಗ ಆಂಧ್ರದ ಎಟಿಎಂನಲ್ಲಿ ತೆಗೆದೆ. ರಾಜ್ಯ ಬೇರೆಯಾದರೂ ಲೆಕ್ಕ ಅದೇ, ಜಾಸ್ತಿ ಏನೂ ಕಡಿತವಾಗಲಿಲ್ಲ. ವ್ಯತ್ಯಾಸ ಇರುವುದು ಮಹಾನಗರಕ್ಕೆ. ಬೆಂಗಳೂರು, ಹೈದರಾಬಾದ್‌ನಲ್ಲಿ ಬೇರೆ ಬ್ಯಾಂಕಿನ ಉಚಿತ ಮೂರೇ. ಫೋನಿನಿಂದ ಕ್ಯೂಆರ್ ಸ್ಕ್ಯಾನ್ ಮಾಡಿ ಕಾರ್ಡಿಲ್ಲದೆ ತೆಗೆಯುವುದನ್ನೂ ನೋಡಿದೆ. ನನ್ನ ಬ್ಯಾಂಕಿನಲ್ಲಿ ಅದೂ ಅದೇ ಐದರ ಎಣಿಕೆಗೆ ಸೇರಿತು, ಲಾಭವಿಲ್ಲ.

ಒಮ್ಮೆ ಮಾತ್ರ ಕೆಟ್ಟಿತು. 9,400 ಖಾತೆಯಿಂದ ಹೋಯಿತು, ನೋಟು ಬರಲಿಲ್ಲ. ಆ ದಿನದ ಮಿತಿಯಲ್ಲೂ ಅಷ್ಟು ಕಡಿಮೆಯಾಯಿತು. ಸ್ಲಿಪ್ ಇಟ್ಟುಕೊಂಡು ನನ್ನ ಬ್ಯಾಂಕಿಗೇ ದೂರು ಕೊಟ್ಟೆ, ಮಷಿನ್ ಯಾರದ್ದಾದರೂ ದೂರು ನಮ್ಮ ಕಾರ್ಡ್ ಕೊಟ್ಟವರಿಗೇ. ನಿಯಮದ ಪ್ರಕಾರ ಐದು ದಿನದೊಳಗೆ ತಾವೇ ವಾಪಸ್ ಹಾಕಬೇಕು, ಅದು ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ನನಗೆ ವಾರ ದಾಟಿ ಬಂತು, ಪರಿಹಾರ ಕೇಳಿದ ಮೇಲೆ ಅದೂ ಒಂದೆರಡು ನೂರು ಬಂತು. ಇಂಥ ಕೆಟ್ಟ ಸಲವನ್ನು ಉಚಿತ ಐದರಲ್ಲಿ ಎಣಿಸುವಂತಿಲ್ಲ. ಎಣಿಸಿದ್ದರೆ ಕೇಳಿ.

ಈ ವರ್ಷ ಕೂಲಿ 400 ಆಗಿದೆ. ವಾರಕ್ಕೆ 33,600. ನನ್ನ 20 ಮತ್ತು 10ರ ಲೆಕ್ಕ ಅಲ್ಲಿಗೆ ಮುರಿಯಿತು. ದೊಡ್ಡ ಮಿತಿಯ ಕಾರ್ಡ್ ತಗೊಳ್ಳಿ ಅಂದರು ಬ್ಯಾಂಕಿನವರು, ವರ್ಷಕ್ಕೆ ಶುಲ್ಕ ಬೇರೆ. ಆದರೆ ನನ್ನನ್ನು ತಡೆದಿರುವುದು ಕಾರ್ಡಲ್ಲ, ಮಷಿನ್ನಿನ 40 ನೋಟು ಮತ್ತು ಬೇರೆ ಬ್ಯಾಂಕಿನ 10,000. ಬೇಡ ಅಂದೆ. ಗುಂಪಿನಲ್ಲಿ ಇಬ್ಬರು ಹುಡುಗಿಯರು ಫೋನಿಗೇ ಹಾಕು ಅನ್ನುತ್ತಾರೆ. ಅವರಿಗೆ 4,800 ಯುಪಿಐನಲ್ಲಿ ಕಳಿಸಿದರೆ ಉಳಿದದ್ದು 28,800. ಶುಕ್ರವಾರ 20,000, ಶನಿವಾರ 8,800.